ರುಮಾಲಿನ ವಯಸ್ಸು

ಇಪ್ಪತ್ತಾರು ವರ್ಷ ಕುಷ್ಟಗಿಯ ಮುನಸೀಫ್ ಕೋರ್ಟಿನ ಬಾಗಿಲು ಸವೆಸಿ ನನಗೆ ಸಾಕಾಗಿಹೋಗಿದೆ. ಉಮಾಪತಿ ವಕೀಲ ಎಂದರೆ ಸುತ್ತಲ ಹಳ್ಳಿಗಳಲ್ಲಿ ಹೆಸರಿದೆ ಅನ್ನುತ್ತಾರೆ. ಹೆಸರಿನಿಂದ ಮಂಡಿನೋವು ಹೋಗುತ್ತದೆಯೇ? ಸಾಲದ್ದಕ್ಕೆ ದಿನಾ ಬೆಳಿಗ್ಗೆ ವಕೀಲಿ ಪರೀಕ್ಷೆಗೆ ಓದುವ ವಿರುಪಣ್ಣನಿಗೆ ಪಾಠ ಬೇರೆ. ಒಂದು ಕಲಂ ಹೇಳಿದರೆ ನಾಲ್ಕು ಪ್ರಶ್ನೆ ಎಸೆಯುತ್ತಾನೆ.

ಆವತ್ತು ಕರಾರು ಕಾನೂನಿನ ಪಾಠ ನಡೆದಿತ್ತು. ಹದಿನೆಂಟು ತುಂಬದವನು, ಅಂದರೆ ಕೋರ್ಟಿನ ಉರ್ದುವಿನಲ್ಲಿ ನಾಬಾಲಿಗ, ಮಾಡಿದ ಕರಾರು ಶೂನ್ಯ ಎಂದು ಹೇಳಿ ಮುಗಿಸಿದ್ದೆ. ಅಷ್ಟರಲ್ಲಿ ಗೋಣೆಪ್ಪ ಬಂದ. ಯಲಬುರ್ಗಾ ಕಡೆಯ ರೈತ, ಕೆಲಸ ಬಿಟ್ಟು ಬೇರೇನೂ ಅರಿಯದವನು. ಕೈಯಲ್ಲಿ ಕೋರ್ಟಿನ ಸಮನ್ಸು, ಮುಖದಲ್ಲಿ ರಕ್ತವಿಲ್ಲ.

"ವಕೀಲ್ರ, ಅಮರಪ್ಪ ಹೊಲ ವಾಪಸ್ ಕೇಳ್ಯಾನ್ರಿ. ಬಾವಿ ತೋಡೀನಲ್ರಿ ಅದರಾಗ. ಎರಡು ಬ್ಯಾಸಗಿ ಕಲ್ಲು ಒಡದು ನೀರು ಕಂಡೀನಿ. ಅದು ಹೋದ್ರ ನಾನು ಮಣ್ಣಾಗ ಹೋದಂಗ."

ದಾವೆಯ ಪ್ರತಿ ಓದಿದೆ. ಎರಡು ವರ್ಷದ ಹಿಂದೆ ಹೊಲ ಮಾರುವಾಗ ಅಮರಪ್ಪನಿಗೆ ಹದಿನೇಳು ವರ್ಷ ಎರಡು ತಿಂಗಳು. ಸಾಲೆಯ ದಾಖಲೆ ಜೊತೆಗಿತ್ತು. ಈಗ ಹತ್ತೊಂಬತ್ತು. ಗೋಣೆಪ್ಪ ವಯಸ್ಸು ಗೊತ್ತಿದ್ದೂ ಸುಳ್ಳು ಬರೆಸಿದ ಎಂದು ಆರೋಪ ಬೇರೆ. ಹುಡುಗನ ಬೆನ್ನಿಗೆ ಸೋದರಮಾವ ಕರಿಬಸಪ್ಪ ನಿಂತಿದ್ದ. ಬರೀ ಕಲ್ಲಿದ್ದಾಗ ಆ ಹೊಲದ ಕಡೆ ತಿರುಗಿಯೂ ನೋಡದ ಪುಣ್ಯಾತ್ಮ, ನೀರು ಬಂದ ಮೇಲೆ ಅಳಿಯನ ಮೇಲೆ ಪ್ರೀತಿ ಉಕ್ಕಿಸಿಕೊಂಡಿದ್ದ.

ಗೋಣೆಪ್ಪ ಖರೀದಿ ಪತ್ರ ಬಿಚ್ಚಿಟ್ಟ. 'ಅಮರಪ್ಪ ತಂದೆ ಹನುಮಂತಪ್ಪ, ವಯಸ್ಸು ಇಪ್ಪತ್ತು.' ಅಕ್ಷರ ನನ್ನವು. ಥೂ, ನನ್ನವೇ!

ಆ ದಿನ ಕಣ್ಣ ಮುಂದೆ ಬಂತು. ಹನುಮಂತಪ್ಪ ತೀರಿಕೊಂಡು ದಿನಕರ್ಮ ಮುಗಿದಾಗ ನಾಲ್ಕು ಜನ ಹಿರಿಯರು ಹುಡುಗನ ತಲೆಗೆ ರುಮಾಲು ಸುತ್ತಿದ್ದರು. ನಮ್ಮ ಕಡೆ ಅಷ್ಟೇ ಸಾಕು, ಮನೆಗೆ ಯಜಮಾನ ಬಂದ ಹಾಗೆ. ನಾನೂ ಆ ಪಂಕ್ತಿಯಲ್ಲಿ ಊಟ ಮಾಡಿದ್ದೆ. ತಿಂಗಳ ಮೇಲೆ ಅಕ್ಕನ ಮದುವೆಗೆಂದು ಹೊಲ ಮಾರಲು ಹುಡುಗ ನಮ್ಮ ಪಡಸಾಲೆಗೆ ಬಂದು ಕುಳಿತ. ನಾನು ರುಮಾಲು ನೋಡಿದೆ, ಇಪ್ಪತ್ತು ಎಂದು ಬರೆದೆ. ಒಂದು ಮಾತು ಕೇಳಲಿಲ್ಲ. ತಾಯಿ ಮಾರೆವ್ವ ಹತ್ತು ಹೆಜ್ಜೆ ಆಚೆ ಬಾಗಿಲ ಹಿಂದೆ ಕೂತಿದ್ದಳು.

"ಅಂವ ತಾನ ಯಜಮಾನ ಅಂದಿದ್ದನಲ್ರಿ?" ಎಂದ ಗೋಣೆಪ್ಪ.

"ಅಂದಿರಲಿ. ಎಳೇ ಹುಡುಗ್ರನ್ನ ಅವರ ಮಾತಿನಿಂದನ ಕಟ್ಟಿಹಾಕಿದ್ರ, ಕಾನೂನು ಅವರ್ನ ಕಾದದ್ದೇನು?"

"ಹದಿನೆಂಟು ತುಂಬಿದ ಮ್ಯಾಲೂ ಬಂದಿದ್ದನ್ರಿ. ಮೊದಲ ನೀರು ಎತ್ತಿದಾಗ ಕುಡದು, ಛಲೋ ಆತು ಕಾಕಾ, ಹೊಲ ನಿಂದ ಐತಿ ಅಂದ."

ವಿರುಪಣ್ಣ ಬಾಯಿ ಹಾಕಿದ. "ಹಂಗಂದ್ರ ಒಪ್ಪಿಗಿ ಕೊಟ್ಟಂಗಾತಲ್ರಿ ಗುರುಗಳ?"

"ಏನು ಓದ್ತೀಯೋ ನೀನು! ಕುತ್ತಿಗಿ ಹಿಡದು ಸಹಿ ಮಾಡಿಸಿದ್ದು, ಮೋಸ ಮಾಡಿ ಬರೆಸಿದ್ದು, ಅದು ರದ್ದು ಮಾಡಬಹುದಾದ ಕರಾರು. ಅದಕ್ಕ ಜೀವ ಇರ್ತೈತಿ. ಮೋಸ ಹೋದಂವ ಬೇಕಂದ್ರ ಮುರೀಬಹುದು, ಬೇಕಂದ್ರ ಇಟಗೋಬಹುದು. ನಾಬಾಲಿಗಂದು ಹಂಗಲ್ಲ. ಕರಾರು ಮಾಡೋ ಅರ್ಹತಾನ ಅವಗಿಲ್ಲ. ಅದು ಹುಟ್ಟೇ ಇಲ್ಲ. ಹುಟ್ಟದ ಕೂಸಿಗೆ ಯಾವಾಗ ಹೆಸರು ಇಡ್ತಿ? ದೊಡ್ಡಂವ ಆದ ಮ್ಯಾಲೆ ಹ್ಞೂಂ ಅಂದ್ರೂ ಅದು ಎದ್ದು ಕೂಡಂಗಿಲ್ಲ."

"ಹಂಗಾರ ಹೊಲ ಮಾರಾಕ ದಾರೀನ ಇದ್ದಿಲ್ಲೇನ್ರಿ?" ಎಂದ ವಿರುಪಣ್ಣ.

ಈ ಪ್ರಶ್ನೆ ಎಲ್ಲಿ ಬರುತ್ತದೋ ಎಂದು ಹೆದರಿದ್ದೆ. "ಇತ್ತು. ತಾಯಿ ಅವನ ಪಾಲಕಿ. ಮಗಳ ಮದುವಿಯಂಥ ಖರೇ ಜರೂರಿಗೆ ಆಕಿ ಕೋರ್ಟಿನ ಪರವಾನಗಿ ತಗೊಂಡು ಮಗನ ಪರವಾಗಿ ಬರದುಕೊಟ್ಟಿದ್ರ ಪತ್ರ ನಿಲ್ತಿತ್ತು." ರುಮಾಲು ಇರುವಾಗ ವಿಧವೆಯ ಹೆಬ್ಬೆಟ್ಟು ಯಾಕೆ ಅಂದುಕೊಂಡಿದ್ದೆ ನಾನು, ಕಾನೂನು ಕಲಿತ ಕತ್ತೆ. ಅಷ್ಟು ಮಾತ್ರ ಬಾಯಿಬಿಟ್ಟು ಹೇಳಲಿಲ್ಲ.

ಗೋಣೆಪ್ಪನಿಗೆ ಉಳಿದದ್ದು ಒಂದೇ ದಾರಿ. ಹುಡುಗ ತಾನಾಗಿ ಕೋರ್ಟಿಗೆ ಬಂದು ಹೊಲ ಕೇಳಿದ್ದಾನೆ. ಹಾಗೆ ಕೇಳುವವನಿಗೆ, ತಗೊಂಡದ್ದನ್ನು ಮೊದಲು ತಿರುಗಿ ಕೊಡು ಎಂದು ಹೇಳಲು ಕೋರ್ಟಿಗೆ ಅಧಿಕಾರವಿದೆ. ಹೊಲ ತನ್ನದೇ ಎಂದು ನಂಬಿ ಬಾವಿ ತೋಡಿದವನಿಗೆ ಬಾವಿಯ ಬೆಲೆಯನ್ನೂ ಕೊಡಿಸಬಹುದು. ಆದರೆ ಅವನು ಪ್ರಾಮಾಣಿಕವಾಗಿ ನಂಬಿರಬೇಕು. ಸುಳ್ಳು ವಯಸ್ಸು ಬರೆಸಿದವನು ಅವನೇ ಎಂದಾದರೆ ಮುಗಿಯಿತು, ಬಾವಿಯೂ ಇಲ್ಲ, ಬೆಲೆಯೂ ಇಲ್ಲ. ಅವನು ಬರೆಸಲಿಲ್ಲ ಎಂದು ಹೇಳಬಲ್ಲವನು ಇಡೀ ತಾಲೂಕಿನಲ್ಲಿ ಒಬ್ಬನೇ.

ಎರಡು ದಿನ ಅನ್ನ ಸೇರಲಿಲ್ಲ. ಸುಮ್ಮನಿದ್ದುಬಿಡಲೇ ಅಂದುಕೊಂಡೆ, ಸುಳ್ಳು ಯಾಕೆ ಹೇಳಲಿ. ಈ ವಯಸ್ಸಿನಲ್ಲಿ ಎಲ್ಲರ ಮುಂದೆ ಮಾನ ಕಳೆದುಕೊಳ್ಳುವುದು ಯಾರಿಗೆ ಬೇಕಾಗಿದೆ? ಮೂರನೆಯ ದಿನ ಗೋಣೆಪ್ಪನ ವಕಾಲತ್ತನ್ನು ಹಾಜಿಸಾಬ ವಕೀಲರಿಗೆ ಒಪ್ಪಿಸಿ, ನನ್ನ ಹೆಸರನ್ನು ಸಾಕ್ಷಿಗಳಲ್ಲಿ ಬರೆಸಿದೆ.

ಕಟಕಟೆಯಲ್ಲಿ ನಿಂತಾಗ ಎದುರು ವಕೀಲ ನಗುತ್ತ ಕೇಳಿದ. "ಇಪ್ಪತ್ತು ಅಂತ ನಿಮಗ ಯಾರು ಹೇಳಿದ್ರು?"

"ಯಾರೂ ಹೇಳಿಲ್ಲ. ರುಮಾಲು ನೋಡಿ ನಾನ ಬರದೆ. ಗೋಣೆಪ್ಪ ಬರೆಸಿಲ್ಲ, ಹುಡುಗನೂ ಹೇಳಿಲ್ಲ. ನಾ ಕೇಳಬೇಕಾಗಿತ್ತು, ಕೇಳಲಿಲ್ಲ."

ಕೋರ್ಟು ಕಿಸಕ್ಕೆಂದಿತು. ಮುನಸೀಫರು ನಗಲಿಲ್ಲ. ಅವರು ನನ್ನನ್ನು ನೋಡಿದ ರೀತಿಗೆ ನಕ್ಕಿದ್ದರೇ ವಾಸಿಯಿತ್ತು.

ತೀರ್ಪು ಬಂತು. ಪತ್ರ ಶೂನ್ಯ, ಹೊಲ ಅಮರಪ್ಪನದು. ಆದರೆ ಪಡೆದ ಬೆಲೆ, ಬಾವಿಯ ಖರ್ಚು ಎರಡನ್ನೂ ಕೊಟ್ಟ ಮೇಲೆ ಸ್ವಾಧೀನ ತೆಗೆದುಕೊಳ್ಳಬೇಕು. ವಯಸ್ಸು ಕೇಳದೆ ಪತ್ರ ಬರೆದ ವಕೀಲನ ಬಗ್ಗೆ ಎರಡು ಸಾಲು ಬೇರೆ ಇದ್ದವು. ಕರಿಬಸಪ್ಪ ಮೊತ್ತ ಕೇಳಿದ್ದೇ ತಡ, ಎತ್ತಿಗೆ ಮೇವು ಹಾಕಬೇಕು ಎಂದು ಎದ್ದವನು ಮತ್ತೆ ಆ ಕಡೆ ಸುಳಿಯಲಿಲ್ಲ.

ಅಮರಪ್ಪ ಅಂಗಳದಲ್ಲಿ ಒಬ್ಬನೇ ನಿಂತಿದ್ದ. ಗೋಣೆಪ್ಪನ ಹತ್ತಿರ ಬಂದು ತಲೆ ತಗ್ಗಿಸಿದ.

"ಕಾಕಾ, ನೀ ಸುಳ್ಳು ಬರೆಸಿದಿ ಅಂತ ಮಾವ ಹೇಳಿಸಿದ. ನಂಗ ಗೊತ್ತಿತ್ತು ನೀ ಬರೆಸಿಲ್ಲಂತ. ತಪ್ಪಾತು. ಹೊಲ ನಿಂದ ಇರಲಿ."

"ಹಳೇ ಪತ್ರದ ಮ್ಯಾಲೆ ಸಹಿ ಹಾಕಿಸೋಣೇನ್ರಿ?" ಎಂದು ಗೋಣೆಪ್ಪ ನನ್ನತ್ತ ತಿರುಗಿದ. ಕಣ್ಣು ತುಂಬಿದ್ದವು.

"ಸತ್ತದ್ದನ್ನ ಎಬ್ಬಿಸಬ್ಯಾಡೋ ಮಾರಾಯ. ಹೊಸಾ ಪತ್ರ ಆಗಬೇಕು. ಆವಾಗ ಕೊಟ್ಟ ಬೆಲಿ ಇದರ ಲೆಕ್ಕಕ್ಕ ಬರಂಗಿಲ್ಲ, ನಾಬಾಲಿಗ ಇದ್ದಾಗ ತಗೊಂಡದ್ದು ಅದು. ಈಗ ಹೊಸದಾಗಿ ಏನರ ಕೊಡು."

ಗೋಣೆಪ್ಪ ಬಹಳ ಯೋಚಿಸಲಿಲ್ಲ. "ಅವನ ಉಳದ ಹೊಲ ನನ್ನ ಬದುವಿಗೆ ಹತ್ತೇತಿ. ವಾರದಾಗ ಮೂರು ದಿನ ನನ್ನ ಬಾವಿ ನೀರು ಅವಗ."

ಅಮರಪ್ಪ ಅತ್ತೇಬಿಟ್ಟ.

ಮರುದಿನ ಇಬ್ಬರೂ ನಮ್ಮ ಪಡಸಾಲೆಗೆ ಬಂದರು. ಮಾರೆವ್ವನೂ ಬಂದಿದ್ದಳು, ಈ ಸಲ ಬಾಗಿಲ ಹಿಂದಲ್ಲ, ಮಗನ ಪಕ್ಕದಲ್ಲೇ ಕೂತಳು. ಲೇಖನಿಯನ್ನು ನಾನು ಮುಟ್ಟಲಿಲ್ಲ, ವಿರುಪಣ್ಣನ ಕೈಗೆ ಕೊಟ್ಟೆ. ಅವನು 'ಅಮರಪ್ಪ ತಂದೆ ಹನುಮಂತಪ್ಪ' ಎಂದು ಬರೆದು ನಿಂತ.

"ಗುರುಗಳ, ವಯಸ್ಸು ಎಷ್ಟಂತ ಬರೀಲ್ರಿ?"

ಅಮರಪ್ಪನ ತಲೆಯ ಮೇಲೆ ಅದೇ ರುಮಾಲಿತ್ತು. ನಾನು ಆ ಕಡೆ ನೋಡಲೂ ಇಲ್ಲ.

"ನನ್ನ ಕೇಳಬ್ಯಾಡೋ," ಎಂದೆ. "ಅವರ ಅವ್ವನ್ನ ಕೇಳು."