ಗಿರಿಜವ್ವನ ವರದಿಯ ಎರಡನೆಯ ಕಾಲಂ

ಮೈತುಂಬ ಋಣ ಹೊತ್ತುಕೊಂಡು ಇನ್ನೊಬ್ಬರ ಕೆಲಸ ತೂಗುವುದು ಎಂಥ ಫಜೀತಿಯೆಂದು ತಾರಾಬಾಯಿಗೆ ಗೊತ್ತಾದದ್ದು ೧೯೮೯ರ ಮಾರ್ಚಿನಲ್ಲಿ. ಚಿಕ್ಕೋಡಿಯ ಒಂದು ಟ್ರಸ್ಟ್ ದವಾಖಾನೆಯಲ್ಲಿ ಆಕೆ ಮೇಟ್ರನ್, ನರ್ಸುಗಳೆಲ್ಲರ ಮೇಲ್ವಿಚಾರಕಿ. ನರ್ಸುಗಳ ವಾರ್ಷಿಕ ವರದಿಗಳೆಲ್ಲ ಮುಗಿದು, ಹೆಣ್ಣುಮಕ್ಕಳ ವಾರ್ಡಿನ ಗಿರಿಜವ್ವನದೊಂದೇ ಉಳಿದಿತ್ತು. ಆ ವಾರ್ಡಿನ ಇನ್‌ಚಾರ್ಜ್ ಸಿಸ್ಟರ್ ಆ ತಿಂಗಳ ಕೊನೆಗೆ ನಿವೃತ್ತಿಯಾಗುವವರಿದ್ದರು. ಆ ಜಾಗ ಗಿರಿಜವ್ವನಿಗೆ ಸಿಗುವುದೋ ಬಿಡುವುದೋ, ಎಲ್ಲ ಈ ವರದಿಯ ಮೇಲೆ ನಿಂತಿತ್ತು.

ಮೊದಲ ಕಾಲಂ ಗುಣಗಳದ್ದು. ಅದನ್ನು ಬರೆಯಲು ಹೊತ್ತೇ ಹಿಡಿಯಲಿಲ್ಲ. ಹೋದ ಮಳೆಗಾಲ ತಾರಾಬಾಯಿಯೇ ಪಿತ್ತಕೋಶದ ಆಪರೇಷನ್ ಮಾಡಿಸಿಕೊಂಡು ಅದೇ ವಾರ್ಡಿನಲ್ಲಿ ಮಲಗಿದ್ದಳು. ಮಗ್ಗುಲು ಹೊರಳಿಸುವಾಗ ಹೊಲಿಗೆಗೆ ನೋವಾಗದಂತೆ ಹಿಡಿದವಳು ಗಿರಿಜವ್ವ. ಗಂಜಿ ಆರಿಸಿ ಕುಡಿಸಿದವಳು, ಅತ್ತಾಗ ಬೈದು ನಗಿಸಿದವಳು ಅವಳೇ. ಮರಾಠಿ ಬಲ್ಲವರೊಂದಿಗೆ ಮರಾಠಿ, ಕನ್ನಡದವರೊಂದಿಗೆ ಕನ್ನಡ. ಅವಳ ಪಾಳಿಯಲ್ಲಿ ಯಾರ ಬೆನ್ನಿಗೂ ಹಾಸಿಗೆಯ ಹುಣ್ಣಾದದ್ದಿಲ್ಲ. ಇದನ್ನೆಲ್ಲ ಬರೆಯುವಾಗ ತಾರಾಬಾಯಿಗೆ ಕಣ್ಣು ತುಂಬಿ ಬಂತು.

ಎರಡನೆಯ ಕಾಲಂ ಸುಧಾರಣೆಯದು. ಹಿಂದಿನ ಮೇಟ್ರನ್ ಅದರಲ್ಲಿ ಪ್ರತಿವರ್ಷ ಏನೂ ಇಲ್ಲವೆಂದು ಒಂದು ಗೆರೆ ಎಳೆದು ಬಿಡುತ್ತಿದ್ದರು. ತಾರಾಬಾಯಿಗೂ ಗೆರೆ ಎಳೆಯುವ ಆಸೆ ಬಹಳ ಇತ್ತು. ಆದರೆ ಗಿರಿಜವ್ವನಿಗೊಂದು ಚಾಳಿ: ಮೊದಲು ಔಷಧ ಕೊಡುವುದು, ಚಾರ್ಟಿನಲ್ಲಿ ಬರೆಯುವುದು ಪಾಳಿ ಮುಗಿಯುವಾಗ, ನೆನಪಿನಿಂದ. ಈ ವರ್ಷ ಎರಡು ಸಲ ಕರೆದು ಹೇಳಿದರೂ ನಕ್ಕು ಹೋಗಿದ್ದಳು. ಕಡೆಗೆ ತಾರಾಬಾಯಿ ಜಿನೇಂದ್ರನನ್ನು ನೆನೆದು ಬರೆದೇಬಿಟ್ಟಳು: "ಔಷಧ ಕೊಟ್ಟ ಕೂಡಲೇ ರೋಗಿಯ ಹಾಸಿಗೆಯ ಬಳಿಯೇ ಚಾರ್ಟಿನಲ್ಲಿ ದಾಖಲಿಸಬೇಕು. ಮೂರು ತಿಂಗಳು ಪ್ರತಿ ವಾರ ಮೇಟ್ರನ್ ಜೊತೆ ಕುಳಿತು ಚಾರ್ಟ್ ಪರಿಶೀಲಿಸಬೇಕು."

ಸಹಿಗೆಂದು ಕರೆಸಿದಾಗ ಗಿರಿಜವ್ವ ಓದಿದಳು. ಮೊದಲ ಕಾಲಮಿಗೆ ಅರಳಿದ ಮುಖ ಎರಡನೆಯದಕ್ಕೆ ಬಾಡಿತು.

"ಇದನ್ನ ನೋಡಿ ಡಾಕ್ಟರ್ ಸಾಹೇಬ್ರು ನನಗ ಇನ್‌ಚಾರ್ಜ್ ಮಾಡ್ತಾರೇನ್ರಿ, ಬಾಯಾರ? ನನ್ನ ಕೈಲೆ ಗಂಜಿ ಕುಡದೀರಿ."

"ಕುಡದೀನಿ ಗಿರಿಜವ್ವಾ. ಸಾಯೂತನಕ ಮರಿಯಾಂಗಿಲ್ಲ. ಅದಕ್ಕ ಕುಂತು ಮಾತಾಡೂಣು. ನಾ ವಾರ್ಡಿನ್ಯಾಗ ಮಲಗಿದ್ದಾಗ ಒಂದಿನ ಮಧ್ಯಾಹ್ನ ಪಾಳಿ ಬದಲಾಗೂ ಮುಂದ ನನಗ ನೋವಿನ ಇಂಜೆಕ್ಷನ್ ಕೊಟ್ಟಿ, ನೆನಪೈತೇನು?"

"ಐತ್ರಿ. ಅಷ್ಟರಾಗ ಆಚಿ ಹಾಸಿಗ್ಯಾಕಿ ವಾಂತಿ ಮಾಡಕೊಂಡ್ಲು, ಓಡಿದೆ. ಬರ್ಯೂದು ಹಿಂದ ಉಳೀತು."

"ಚಾರ್ಟ್ ಖಾಲಿ ನೋಡಿ ಮುಂದಿನ ಪಾಳಿ ನರ್ಸ್ ಮಂಗಲ ಅದ ಇಂಜೆಕ್ಷನ್ ಮತ್ತ ತುಂಬಕೊಂಡು ಬಂದ್ಲು."

"ಹೇಳಿದ್ರಲ್ಲಾ ಆವಾಗ. ನೀವು ಎಚ್ಚರ ಇದ್ರಿ, ಆಗೇತಿ ಅಂದ್ರಿ, ಆಕಿ ತಿರಗಿ ಹೋದ್ಲು. ಏನೂ ಆಗಲಿಲ್ಲಲ್ರಿ."

ತಾರಾಬಾಯಿ ಸಿಟ್ಟಾಗಲಿಲ್ಲ. ಮೆತ್ತಗೆ ಕೇಳಿದಳು: "ನನ್ನ ಮಗ್ಗುಲ ಹಾಸಿಗ್ಯಾಗ ಹಾರೂಗೇರಿ ಕೆಂಚವ್ವ ಇದ್ಲು. ನನ್ನ ಬದಲಿ ಆಕಿಗೆ ಹಿಂಗ ಆಗಿದ್ರ? ಆಕಿ ಏನಂತಿದ್ಲು?"

ಕೆಂಚವ್ವ ಏನೂ ಅನ್ನುತ್ತಿರಲಿಲ್ಲ. ನರ್ಸಬಾಯಿ ಬಂದರೆ ಕೇಳದೆಯೇ ತೋಳು ಚಾಚುವ ಹೆಂಗಸು ಅವಳು. ಗಿರಿಜವ್ವ ಕಾಗದ ಎಳೆದುಕೊಂಡಳು. ನೌಕರರ ಅಭಿಪ್ರಾಯಕ್ಕೆಂದು ಕೆಳಗೆ ಬಿಟ್ಟಿದ್ದ ಜಾಗದಲ್ಲಿ ಏನೋ ಗೀಚಿ, ಸಹಿ ಹಾಕಿ, ತಿರುಗಿ ನೋಡದೆ ವಾರ್ಡಿಗೆ ನಡೆದಳು. ತಾರಾಬಾಯಿಗೆ ಅದನ್ನು ಓದುವ ಧೈರ್ಯ ಬರಲಿಲ್ಲ. ತನ್ನನ್ನು ಕಾಪಾಡಿದವಳ ಅನ್ನಕ್ಕೆ ಕಲ್ಲು ಹಾಕಿದೆನೋ ಎಂದುಕೊಂಡಳು. ಹಾಗೆಯೇ ಮಡಚಿ ಡಾಕ್ಟರರ ಕೋಣೆಗೆ ಒಯ್ದಳು.

ಡಾಕ್ಟರ್ ಜಯಪಾಲ ದವಾಖಾನೆಯ ಮುಖ್ಯಸ್ಥರು. ಹುದ್ದೆ ಕೊಡುವ ಕೊನೆಯ ಸಹಿ ಅವರದೇ. ಕನ್ನಡಕ ಏರಿಸಿ ಮೊದಲಿನಿಂದ ಓದಿದರು.

"ನಿಮಗ ಇಷ್ಟು ಸೇವಾ ಮಾಡ್ಯಾಳ. ಆದ್ರೂ ಇದನ್ನ ಬರದೀರಿ?"

"ಮಾಡ್ಯಾಳಂತನ ಬರದೀನ್ರಿ, ಸಾಹೇಬ್ರ. ಆಕಿ ಕಡಿಂದ ಯಾರಿಗೂ ಕೆಟ್ಟ ಆಗಬಾರದು."

"ಇಷ್ಟು ವರ್ಷ ಬರೇ ಗೆರಿ ನೋಡಿ ನೋಡಿ, ಈ ವರದಿಗೋಳನ್ನ ನಾ ನಂಬೂದ ಬಿಟ್ಟಿದ್ದೆ," ಎನ್ನುತ್ತ ಡಾಕ್ಟರು ಪುಟದ ಕೆಳಭಾಗಕ್ಕೆ ಬಂದರು. ಗಿರಿಜವ್ವ ಬರೆದದ್ದನ್ನು ಗಟ್ಟಿಯಾಗಿ ಓದಿದರು:

"ಮೇಟ್ರನ್ ಬಾಯಾರಿಗೆ ಎರಡನೇ ಇಂಜೆಕ್ಷನ್ ಆಗುವುದಿತ್ತು. ಅವರು ಎಚ್ಚರವಿದ್ದರು, ತಪ್ಪಿತು. ತಪ್ಪು ನನ್ನದು. ನನ್ನ ವಾರ್ಡಿನಲ್ಲಿ ಎಲ್ಲರೂ ಮೇಟ್ರನ್ ಅಲ್ಲ. ಇನ್ನು ಮುಂದೆ ಕೊಟ್ಟ ಕೂಡಲೇ ಬರೆಯುತ್ತೇನೆ. ಹೇಳಿದವರಿಗೆ ನನ್ನ ನಮಸ್ಕಾರ."

ತಾರಾಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ವರದಿಯಲ್ಲಿ ಆಕೆ ಆ ಇಂಜೆಕ್ಷನ್ನಿನ ಸುದ್ದಿಯನ್ನೇ ಎತ್ತಿರಲಿಲ್ಲ.

"ಎಪ್ರಿಲ್ ಒಂದಕ್ಕ ಇನ್‌ಚಾರ್ಜ್ ಚಾವಿ ಗಿರಿಜವ್ವಗ ಕೊಡ್ರಿ," ಎಂದು ಡಾಕ್ಟರು ಸಹಿ ಹಾಕಿದರು.