ಆಸೆ ಬಿಟ್ಟ ದಿನ

"ಅವನು ಬದುಕಿದಾನೆ ಅನ್ನೋ ಆಸೆ ನೀವು ಯಾವಾಗ ಬಿಟ್ರಿ?" ಎಂದು ಯಹೂದಿ ಗುರು ರಬ್ಬಿ ಅಮ್ಮನನ್ನು ಮೆಲ್ಲಗೆ ಕೇಳಿದಾಗ ಮಿರ್ತಾ ಇನ್ನೂ ಹೊಸ್ತಿಲಾಚೆ ಕೈ ತೊಳೆಯುತ್ತಿದ್ದಳು. ಸ್ಮಶಾನದಿಂದ ಆಗಷ್ಟೇ ಬಂದಿದ್ದರು. ಅಣ್ಣ ಉಗೋನನ್ನು ಸೈನಿಕರು ಬ್ಯೂನಸ್ ಐರಿಸ್‌ನ ಇದೇ ಮನೆಯಿಂದ ಎಳೆದೊಯ್ದಾಗ ಅವನಿಗೆ ಇಪ್ಪತ್ತು ವರ್ಷ. ಮೂವತ್ತು ವರ್ಷ ಕಳೆದು, ಹೆಸರಿಲ್ಲದ ಗುಂಡಿಯೊಂದರಲ್ಲಿ ಸಿಕ್ಕ ಮೂಳೆಗಳು ಅವನವೇ ಎಂದು ಖಾತ್ರಿಯಾಗಿ, ಇವತ್ತು ಮಣ್ಣಾದವು.

ಒಳಗೆ ನೆರೆಮನೆಯ ರಖೇಲ್ ಕನ್ನಡಿಗಳಿಗೆಲ್ಲ ಬಿಳಿ ಬಟ್ಟೆ ಹೊದಿಸಿದ್ದಳು. ಏಳು ದಿನ ಉರಿಯುವ ದೀಪ ಹಚ್ಚಿದ್ದಳು. ಅಮ್ಮ ಎಲ್ಕಾ ಗಿಡ್ಡ ಮಣೆಯ ಮೇಲೆ ಕೂತಿದ್ದಳು. ದುಃಖದ ಗುರುತಾಗಿ ಎದೆಯ ಬಲಗಡೆ ರವಿಕೆ ಹರಿದುಕೊಂಡಿದ್ದಳು, ಕಾಲಲ್ಲಿ ಬಟ್ಟೆಯ ಚಪ್ಪಲಿ.

"ಯಾಕೆ ಕೇಳ್ತೀರಿ?" ಎಂದಳು ಎಲ್ಕಾ.

"ಆಸೆ ಬಿಟ್ಟಿರದಿದ್ರೆ ಇವತ್ತಿಂದ ಏಳು ದಿನದ ದುಃಖ. ಆಗ್ಲೇ ಬಿಟ್ಟಿದ್ರೆ, ಆ ದಿನವೇ ದುಃಖಕ್ಕೆ ಕೂರಬೇಕಿತ್ತು. ಈಗ ಮೂಳೆಗಳಿಗಾಗಿ ಸಂಜೆವರೆಗೆ ಮಾತ್ರ."

"ನಾನು ಒಂದು ದಿನವೂ ಬಿಟ್ಟಿಲ್ಲ. ಏಳು ದಿನ ಕೂರ್ತೀನಿ. ಇವಳೂ ಕೂರ್ತಾಳೆ."

ಮಿರ್ತಾ ಕೈ ಒರೆಸಿಕೊಳ್ಳದೆ ನಿಂತಳು. ಹೌದು ಎಂದರೆ ಮುಗಿದುಹೋಗುತ್ತಿತ್ತು.

"ನಾನು ಬಿಟ್ಟಿದ್ದೆ ಅಮ್ಮ. ನನ್ನ ಮದುವೆ ದಿನ. ಅವನು ಬದುಕಿದ್ರೆ ಹೇಗಾದ್ರೂ ಬಂದೇ ಬರ್ತಿದ್ದ."

"ಅಂದ್ರೆ ಮದುವೆ ಬಟ್ಟೆ ಹಾಕ್ಕೊಂಡೇ ನನ್ನ ಮಗನ್ನ ಹೂತುಬಿಟ್ಯಾ?" ಎಲ್ಕಾಳ ಧ್ವನಿ ಏರಲಿಲ್ಲ. "ಸರಿ. ಹೊತ್ತು ಮುಳುಗಿದ ಮೇಲೆ ಎದ್ದು, ಬಂದೋರಿಗೆ ನೀರು ಕೊಡು ಹೋಗು."

ಬಾಗಿಲು ತೆರೆದೇ ಇತ್ತು. ಬಂದವರು ನಮಸ್ಕಾರ ಹೇಳದೆ, ವಾಡಿಕೆಯಂತೆ ಎಲ್ಕಾ ಮೊದಲು ಬಾಯಿ ತೆರೆಯಲೆಂದು ಕಾದು ಕೂತರು. ಉಗೋನ ಸಹಪಾಠಿ ಸೌಲ್ ಬಂದ. ಎಲ್ಕಾ ಅವನನ್ನು ಹತ್ತಿರ ಕರೆದು ತಲೆ ಬಗ್ಗಿಸಲು ಹೇಳಿ, ಬೋಳಾದ ನೆತ್ತಿಯನ್ನು ಬೆರಳಿಂದ ತಡವಿದಳು.

"ಅವನಿಗೂ ಹೀಗೇ ಉದುರ್ತಿತ್ತೇನೋ."

ಸೌಲ್ ತಲೆ ಎತ್ತಲಿಲ್ಲ. ಆ ಕ್ಷಣ ಮಿರ್ತಾಳಿಗೆ ಕೋಣೆಯ ಮೂಲೆಯಲ್ಲಿ ಐವತ್ತರ ಉಗೋ ನಿಂತಂತಾಯಿತು. ಮುಖ ಕಾಣಲಿಲ್ಲ. ಅಂಥ ಮುಖ ಯಾರಿಗೂ ಗೊತ್ತಿರಲಿಲ್ಲ.

ರಖೇಲ್ ಮೊದಲ ಊಟ ತಂದಳು: ದುಂಡನೆಯ ಬ್ರೆಡ್ಡು, ಬೇಳೆ, ಬೇಯಿಸಿದ ಮೊಟ್ಟೆ. ದುಃಖದ ಮನೆಯವರು ಆ ಊಟಕ್ಕೆ ತಮ್ಮದನ್ನು ತಿನ್ನಬಾರದು, ಬೇರೆಯವರು ಕೊಟ್ಟದ್ದನ್ನೇ ತಿನ್ನಬೇಕು. ರಖೇಲ್ ತಟ್ಟೆ ಚಾಚಿದಾಗ ಮಿರ್ತಾ ಹಿಂದೆ ಸರಿದಳು.

"ಅಮ್ಮನಿಗೆ ಕೊಡು. ನಂದು ಯಾವತ್ತೋ ಆಗಿಹೋಯ್ತು. ಹೊಸ ಮದುಮಗಳು, ಗಂಡನಿಗೆ ಕೇಳಿಸುತ್ತೆ ಅಂತ ಬಚ್ಚಲಲ್ಲಿ ನಲ್ಲಿ ಬಿಟ್ಕೊಂಡು ಅತ್ಬಿಟ್ಟೆ. ಯಾರೂ ಬರ್ಲಿಲ್ಲ. ಯಾರೂ ಮೊಟ್ಟೆ ತರ್ಲಿಲ್ಲ."

ಎಲ್ಕಾ ತಟ್ಟೆಯಿಂದ ಒಂದು ಮೊಟ್ಟೆ ತೆಗೆದುಕೊಂಡಳು. ಸಿಪ್ಪೆ ಸುಲಿಯತೊಡಗಿದಳು. ಚೂರುಗಳು ಮಡಿಲಿಗೆ ಉದುರಿದವು. ಸುಲಿದದ್ದನ್ನು ಮಗಳ ಅಂಗೈಯಲ್ಲಿಟ್ಟಳು.

"ಕೂತ್ಕೊಂಡು ತಿನ್ನು."

ಮಿರ್ತಾ ನೆಲದ ಮೇಲೆ ಕೂತಳು. ಅವಳು ಮೊದಲ ತುತ್ತು ನುಂಗುವವರೆಗೆ ಎಲ್ಕಾ ತನ್ನ ತಟ್ಟೆ ಮುಟ್ಟಲಿಲ್ಲ.