ಜಿನುಗು ಎಂದು ಬರೆದದ್ದು

ಪತ್ರದಲ್ಲಿ ಮೊದಲು ನಾನು ‘ಸೋರುತ್ತಿದೆ’ ಎಂದೇ ಬರೆದಿದ್ದೆ. ನಮ್ಮ ಕಟ್ಟಡದ ಮಾಲೀಕರ ಸಂಘದ ಅಧ್ಯಕ್ಷರು ನನ್ನ ಕುರ್ಚಿಯ ಹಿಂದೆ ನಿಂತು, ಕನ್ನಡಕ ಹಣೆಗೇರಿಸಿ, ಪರದೆಯ ಮೇಲಿನ ಆ ಪದವನ್ನು ಬೆರಳಲ್ಲಿ ಮುಟ್ಟಿದರು.

“ಇಷ್ಟು ಹೆದರಿಸಬೇಡಮ್ಮ. ಸೋರತ್ತೆ ಅಂದ್ರೆ ಜನ ಛತ್ರಿ ಹಿಡ್ಕೊಂಡು ಕೂತಿದ್ದಾರೆ ಅನ್ಕೋತಾರೆ. ಜಿನುಗ್ತಿದೆ ಅಂತ ಹಾಕು.”

ಹಾಕಿದೆ. ‘ನೆಲಮಹಡಿಯ ಎರಡನೇ ಮನೆಯ ಚಾವಣಿಯಲ್ಲಿ ಸ್ವಲ್ಪ ನೀರು ಜಿನುಗುತ್ತಿದೆ.’ ‘ಸ್ವಲ್ಪ’ ಎಂಬುದನ್ನು ಅವರು ಹೇಳಿರಲಿಲ್ಲ, ಅದು ನನ್ನದೇ. ಆ ದಿನ ಮಗಳಿಗೆ ಜ್ವರ ಬಂದಿತ್ತು, ಬೇಗ ಮನೆಗೆ ಹೋಗಬೇಕಿತ್ತು.

ಐದು ಮಹಡಿ, ಇಪ್ಪತ್ತು ಮನೆ. ನಾನು ಇಲ್ಲಿಯ ಮ್ಯಾನೇಜರು. ಮೆಟ್ಟಿಲ ಕೆಳಗೆ ನನ್ನ ಕಚೇರಿ. ಎದ್ದು ನಿಂತರೆ ತಲೆ ತಾಗುತ್ತದೆ. ಬಲ್ಬು ಬದಲಿಸುವುದರಿಂದ ಹಿಡಿದು ಟ್ಯಾಂಕ್ ತೊಳೆಸುವವರೆಗೆ ನನ್ನದೇ ಕೆಲಸ. ಆದರೆ ದೊಡ್ಡ ಖರ್ಚೇನಾದರೂ ಬಂದರೆ ನನ್ನ ಮಾತು ನಡೆಯುವುದಿಲ್ಲ. ಮಾಲೀಕರಿಗೆ ಪತ್ರ ಬರೆಯಬೇಕು, ಇಪ್ಪತ್ತರಲ್ಲಿ ಹದಿನೈದು ಜನರ ಒಪ್ಪಿಗೆ ಬರಹದಲ್ಲಿ ಬರಬೇಕು. ಉತ್ತರ ಬರದಿದ್ದರೆ ಒಪ್ಪಿಗೆ ಇಲ್ಲವೆಂದೇ ಅರ್ಥ.

ಕೊಳೆನೀರಿನ ಪೈಪ್ ಬದಲಿಸಲು ಕೇಳಿದ್ದ ಆ ಪತ್ರದ ಒಂದು ಪ್ರತಿ ನೋಟಿಸ್ ಬೋರ್ಡಿಗೂ ಹೋಯಿತು. ಬಂದದ್ದು ಆರು ಒಪ್ಪಿಗೆ. ‘ಜಿನುಗುವುದಕ್ಕೆ ಇಡೀ ಪೈಪ್ ಬದಲಿಸುತ್ತಾರೆಯೇ?’ ಎಂದು ಒಬ್ಬರು. ‘ಸಿಮೆಂಟ್ ಬಳಿಸಿ ಸಾಕು’ ಎಂದು ಇನ್ನೊಬ್ಬರು. ಉಳಿದವರು ಓದಿ ಸುಮ್ಮನಾದರು. ಪ್ಲಂಬರ್ ಮೇಸ್ತ್ರಿಯನ್ನು ಕರೆಸಿ, ಬಿರುಕಿಗೆ ರಬ್ಬರ್ ಸುತ್ತಿ ಕಬ್ಬಿಣದ ಪಟ್ಟಿ ಬಿಗಿಸಿದ್ದಾಯಿತು. ಅದು ಮೂರನೇ ಪಟ್ಟಿ.

“ಇನ್ನು ಪಟ್ಟಿ ಹಾಕೋಕೆ ಪೈಪೇ ಇಲ್ಲ ಮೇಡಂ,” ಎಂದು ಮೇಸ್ತ್ರಿ ಕೈ ಒರೆಸಿಕೊಂಡಿದ್ದ. “ಬರೀ ಪಟ್ಟಿನೇ ಇದೆ.”

ನೆಲಮಹಡಿಯ ಎರಡನೇ ಮನೆಯಲ್ಲಿ ಬಾಡಿಗೆಗಿದ್ದವಳು ಹೊಲಿಗೆಯಕ್ಕ. ನನಗಿಂತ ನಾಲ್ಕೈದು ವರ್ಷ ಚಿಕ್ಕವಳಾದರೂ ಇಡೀ ಕಟ್ಟಡಕ್ಕೆ ಅಕ್ಕ. ಹದಿನಾಲ್ಕು ವರ್ಷದಿಂದ ಅಲ್ಲಿದ್ದಳು. ರಸ್ತೆಗೆ ತೆರೆದುಕೊಳ್ಳುವ ಮುಂದಿನ ಕೋಣೆಯಲ್ಲಿ ಮಿಷನ್ನು, ಕತ್ತರಿಸುವ ಮೇಜು, ಗೋಡೆಯುದ್ದಕ್ಕೂ ಹ್ಯಾಂಗರಿನಲ್ಲಿ ಊರವರ ಬಟ್ಟೆ. ಗಿರಾಕಿಗಳು ಕಿಟಕಿಯಲ್ಲೇ ಕೊಟ್ಟು ಕಿಟಕಿಯಲ್ಲೇ ತೆಗೆದುಕೊಂಡು ಹೋಗುತ್ತಿದ್ದರು. ಆ ಕಿಟಕಿಯೇ ಅವಳ ಅಂಗಡಿ. ಬೇರೆ ಬೀದಿಗೆ ಹೋದರೆ ಮತ್ತೆ ಮೊದಲಿನಿಂದ.

ಮೂರು ತಿಂಗಳಾದ ಮೇಲೆ ಒಂದು ಬೆಳಿಗ್ಗೆ, ಹನ್ನೊಂದರ ಹೊತ್ತಿಗೆ, ಚಾಪೆಯಷ್ಟು ಅಗಲದ ಗಾರೆ ಚಾವಣಿಯಿಂದ ಕಳಚಿ ಮಿಷನ್ನಿನ ಮೇಲೆ ಬಿತ್ತು. ಅವಳು ಕಿಟಕಿಯ ಹತ್ತಿರ ಯಾರಿಗೋ ಅಂಗಿ ಮಡಚಿ ಕೊಡುತ್ತಿದ್ದಳು. ಅಷ್ಟರಿಂದ ತಲೆ ಉಳಿಯಿತು.

ನಾನು ಓಡಿಹೋದಾಗ ಅವಳು ಒದ್ದೆಯಾದ ಬಟ್ಟೆಗಳನ್ನು ಒಂದೊಂದಾಗಿ ತೆಗೆದು ಮಂಚದ ಮೇಲೆ ಹರಡುತ್ತಿದ್ದಳು. ಚಾವಣಿಯ ತೂತಿನಿಂದ ನೀರು ಬೀಳುತ್ತಲೇ ಇತ್ತು. ಮೇಲೆ ಯಾರೋ ಸ್ನಾನ ಮಾಡುತ್ತಿದ್ದರು; ನೀರಿಗೆ ಸೋಪಿನ ವಾಸನೆ, ಅದರಡಿಯಲ್ಲಿ ಇನ್ನೊಂದು ವಾಸನೆ.

“ಬನ್ನಿ ಅಕ್ಕಾ,” ಎಂದಳು, ತಿರುಗದೆಯೇ. “ನೋಟಿಸ್ ಬೋರ್ಡಲ್ಲಿ ಹಾಕಿದ್ರಲ್ಲ, ಸ್ವಲ್ಪ ಜಿನುಗ್ತಿದೆ ಅಂತ. ನೋಡಿ, ಸ್ವಲ್ಪ ಜಿನುಗಿದೆ.”

ನಾನು ತೂತಿನ ಕೆಳಗೆ ಬಕೆಟ್ ಹಿಡಿದೆ.

“ಬಕೆಟ್ ಬೇಡ, ಅದು ತುಂಬೋದ್ರಲ್ಲಿ ನಾವು ಮುದುಕಿಯರಾಗ್ತೀವಿ. ಈ ಸ್ಕರ್ಟ್ ಹಿಡ್ಕೊಳ್ಳಿ, ನಿಮ್ಮ ಮಗಳದ್ದೇ. ಇದೊಂದು ನೆಂದಿಲ್ಲ.”

ಮಧ್ಯಾಹ್ನ ಮೇಸ್ತ್ರಿ ಉದ್ದನೆಯ ತಂತಿಯ ತುದಿಗೆ ಕ್ಯಾಮೆರಾ ಕಟ್ಟಿ ತಾರಸಿಯಿಂದ ಕೊಳವೆಯೊಳಗೆ ಇಳಿಸಿದ. ಮೂವತ್ತಾರು ವರ್ಷ ಹಳೆಯ ಬೀಡುಕಬ್ಬಿಣದ ಕೊಳವೆ. ಐದೂ ಮಹಡಿಯ ಬಚ್ಚಲಿನ, ಕಕ್ಕಸಿನ ನೀರು ಅದರಲ್ಲೇ ಇಳಿಯಬೇಕು. ಪುಟ್ಟ ಪರದೆಯಲ್ಲಿ ನಾನೂ ನೋಡಿದೆ. ಒಳಗೆ ತುಕ್ಕಿನ ಗಂಟುಗಳು ಕಟ್ಟಿಕೊಂಡು ದಾರಿ ಅರ್ಧಕ್ಕರ್ಧ ಮುಚ್ಚಿತ್ತು. ಮೊದಲ ಮಹಡಿಯ ಜೋಡಣೆಯ ಕೆಳಗೆ ಮೊಳದುದ್ದದ ಸೀಳು.

“ಒಂದು ಕಡೆ ಅಲ್ಲ ಮೇಡಂ. ಈ ಸೀಳು ಮುಚ್ಚಿದ್ರೆ ಮೇಲಿಂದು ಬಿಡತ್ತೆ. ಪೂರ್ತಿ ಇಳಿಸ್ಬೇಕು.”

ಮೂರು ದರಪಟ್ಟಿ ಕೈಗೆ ಬಂದ ದಿನ ಸಂಜೆ ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು ಎರಡನೇ ಪತ್ರ ಬರೆಯಲು ಕೂತೆ. ಒಲೆಯ ಮೇಲೆ ಬೇಳೆ ಬೇಯುತ್ತಿತ್ತು. ಎದುರಿಗೆ ಮಗಳು ಈರುಳ್ಳಿ ಹೆಚ್ಚುತ್ತ, ಕಣ್ಣೀರು ಒರೆಸಿಕೊಳ್ಳುತ್ತ, ನಾನು ಬರೆದದ್ದನ್ನು ತಲೆಕೆಳಗಾಗಿ ಓದುತ್ತಿದ್ದಳು.

ಸುಮಾರಾಗಿ ಎಲ್ಲವನ್ನೂ ಹೇಳಿದ್ದೆ. ಮೂವರಿಂದ ದರಪಟ್ಟಿ ತರಿಸಿದ್ದೇನೆ, ಲಗತ್ತಿಸಿದೆ. ನಡುವಿನ ದರದವರನ್ನು ಸೂಚಿಸುತ್ತಿದ್ದೇನೆ, ಏಕೆಂದರೆ ತೀರಾ ಕಡಿಮೆ ಹೇಳಿದವರು ಗೋಡೆ ಒಡೆದದ್ದನ್ನು ಮುಚ್ಚಿಕೊಡುವ ಖರ್ಚು ಸೇರಿಸಿಲ್ಲ. ಒಟ್ಟು ಖರ್ಚಿನ ಮೂರನೇ ಒಂದು ಭಾಗ ಮೀಸಲು ನಿಧಿಯಿಂದ, ಉಳಿದದ್ದು ಇಪ್ಪತ್ತು ಮನೆಗೂ ಸಮನಾಗಿ, ಎರಡು ಕಂತಿನಲ್ಲಿ. ಕೆಲಸ ಎಂಟು ದಿನ. ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ ಆ ಸಾಲಿನ ಬಚ್ಚಲಲ್ಲಿ ನೀರು ಬಿಡುವಂತಿಲ್ಲ. ಭಾನುವಾರ ಸಂಜೆ ಆರರೊಳಗೆ ‘ಒಪ್ಪಿಗೆ’ ಅಥವಾ ‘ಒಪ್ಪಿಗೆ ಇಲ್ಲ’ ಎಂದು ಬರೆದು ಕಳುಹಿಸಿ.

“ಅಮ್ಮಾ, ಇದನ್ನ ಓದಿದ್ರೆ ಯಾರಿಗೂ ಏನೂ ಆಗಿಲ್ಲ ಅನ್ಸತ್ತೆ,” ಎಂದಳು ಮಗಳು. “ಆಂಟಿ ಆ ರೂಮಲ್ಲಿ ಇರೋಕಾಗತ್ತಾ ಈಗ?”

“ಇಲ್ಲ ಪುಟ್ಟಾ.”

“ಮತ್ತೆ ಹಾಗೇ ಬರಿ. ನನ್ನ ಕೈಲಿ ಮಾತ್ರ ಸುಳ್ಳು ಹೇಳಬಾರದು ಅಂತ ಇಂಪೋಸಿಷನ್ ಬರೆಸ್ತೀಯ.”

ಬೇಳೆ ಉಕ್ಕಿತು. ಎದ್ದು ಉರಿ ಸಣ್ಣ ಮಾಡಿ ಬಂದು, ಒಂದು ಸಾಲು ಸೇರಿಸಿದೆ. ‘ಇಂದಿನ ಸ್ಥಿತಿಯಲ್ಲಿ ಆ ಮನೆ ವಾಸಕ್ಕೆ ಯೋಗ್ಯವಾಗಿಲ್ಲ.’ ಈ ಸಲ ಅಧ್ಯಕ್ಷರಿಗೆ ತೋರಿಸದೆ ಕಳುಹಿಸಿದೆ. ಆ ರಾತ್ರಿ ನೆಮ್ಮದಿಯಿಂದ ನಿದ್ದೆ ಬಂತು ಎಂದು ಈಗ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಒಪ್ಪಿಗೆಗಳು ಬರತೊಡಗಿದವು. ಗುರುವಾರದ ಹೊತ್ತಿಗೆ ಏಳು. ಶನಿವಾರ ಹನ್ನೊಂದು. ಅಧ್ಯಕ್ಷರು ಮೆಟ್ಟಿಲಲ್ಲಿ ಸಿಕ್ಕಿ, “ಏನಮ್ಮ, ನೇರವಾಗಿ ಬಾಂಬೇ ಹಾಕಿದೀಯ,” ಎಂದು ಗೊಣಗಿದರೂ ತಮ್ಮ ಒಪ್ಪಿಗೆ ಕಳುಹಿಸಿದರು. ಭಾನುವಾರ ಮಧ್ಯಾಹ್ನಕ್ಕೆ ಹದಿನಾಲ್ಕು. ಮೂವರು ಇಲ್ಲ ಎಂದಿದ್ದರು. ಇಬ್ಬರು ಫೋನೇ ಎತ್ತುತ್ತಿರಲಿಲ್ಲ. ಉಳಿದವರು ಒಬ್ಬರೇ, ಹೊಲಿಗೆಯಕ್ಕನ ಮನೆಯ ಮಾಲೀಕರು. ಬೇರೆ ಊರಿನಲ್ಲಿರುವವರು, ಬಾಡಿಗೆ ಬ್ಯಾಂಕಿಗೆ ಹೋಗುತ್ತಿತ್ತು, ಅವರ ಮುಖ ನಾನು ಕಂಡದ್ದು ಒಂದೇ ಸಲ.

ನಾಲ್ಕು ಗಂಟೆಗೆ ಅವರೇ ಫೋನ್ ಮಾಡಿದರು.

“ಒಳ್ಳೆ ಪತ್ರ ಬರೆದಿದ್ದೀರಿ. ಸ್ಪಷ್ಟವಾಗಿದೆ. ನಂದು ಒಪ್ಪಿಗೆನೇ. ಆದ್ರೆ ಒಂದು ವಿಷಯ. ವಾಸಕ್ಕೆ ಯೋಗ್ಯ ಅಲ್ಲ ಅಂತ ನೀವೇ ಬರಹದಲ್ಲಿ ಕೊಟ್ಟಿದ್ದೀರಲ್ಲ?”

“ಹೌದು ಸರ್. ಈಗ, ರಿಪೇರಿ ಆಗೋವರೆಗೆ.”

“ನಮ್ಮ ಬಾಡಿಗೆ ಕರಾರಲ್ಲೂ ಅದೇ ಮಾತಿದೆ. ಮನೆ ವಾಸಕ್ಕೆ ಯೋಗ್ಯ ಅಲ್ಲ ಅಂತಾದ್ರೆ ಕರಾರು ಮುಗೀತು. ಆಯಮ್ಮ ಹದಿನಾಲ್ಕು ವರ್ಷದ ಹಿಂದಿನ ಬಾಡಿಗೆಗೆ ಚೂರುಪಾರು ಸೇರಿಸ್ಕೊಂಡು ಕೊಡ್ತಿದ್ದಾರೆ. ನಾನು ಹೇಳೋಕೆ ಸಂಕೋಚ ಪಡ್ತಿದ್ದೆ. ಈಗ ಖಾಲಿ ಮಾಡ್ಸಿ, ನೆಲಗಿಲ ಸರಿ ಮಾಡಿಸ್ತೀನಿ.”

“ಸರ್, ಎಂಟು ದಿನದ ಕೆಲಸ ಅಷ್ಟೇ. ಅವರು ಅಲ್ಲಿವರೆಗೆ ನಮ್ಮ ಮನೇಲಿರ್ತಾರೆ. ಬೇಕಾದ್ರೆ ಆ ಸಾಲು ತಿದ್ದಿ ಇನ್ನೊಂದು ಪತ್ರ ಕಳಿಸ್ತೀನಿ.”

“ಕಳಿಸಿ,” ಎಂದರು. ದನಿಯಲ್ಲಿ ಸಿಟ್ಟೇನೂ ಇರಲಿಲ್ಲ. “ಮನೆ ವಾಸಕ್ಕೆ ಚೆನ್ನಾಗೇ ಇದೆ ಅಂತಾದ್ರೆ ನಾನು ಅಷ್ಟು ದುಡ್ಡು ಯಾಕೆ ಕೊಡ್ಲಿ? ಒಪ್ಪಿಗೆ ಇಲ್ಲ ಅಂತ ಹಾಕ್ತೀನಿ. ಆರು ಗಂಟೆವರೆಗೆ ಟೈಮ್ ಇದೆಯಲ್ಲ, ಯೋಚ್ನೆ ಮಾಡಿ ಹೇಳಿ.”

ಕಚೇರಿಯಲ್ಲಿ ಕೂರಲಾಗಲಿಲ್ಲ. ಹೊಲಿಗೆಯಕ್ಕನ ಬಾಗಿಲಿಗೆ ಹೋದೆ. ಮಿಷನ್ನನ್ನು ಹಿಂದಿನ ಕೋಣೆಗೆ ಎಳೆದುಕೊಂಡು, ಅಲ್ಲಿನ ಮಂಕು ಬೆಳಕಿನಲ್ಲಿ ಎಣ್ಣೆ ಹಾಕಿ ತಿರುಗಿಸಿ ನೋಡುತ್ತಿದ್ದಳು. ಚಕ್ರ ಅರ್ಧ ಸುತ್ತಿಗೆ ನಿಲ್ಲುತ್ತಿತ್ತು. ನಾನು ಒಂದೂ ಬಿಡದೆ ಹೇಳಿದೆ. ಪತ್ರದ ಸಾಲನ್ನೂ ಹೇಳಿದೆ.

ಅವಳು ಇನ್ನೊಂದು ಹನಿ ಎಣ್ಣೆ ಬಿಟ್ಟು ಚಕ್ರ ತಿರುಗಿಸಿದಳು.

“ಅಲ್ಲಾ ಅಕ್ಕಾ, ನಿಮಗೆ ಅಳತೆನೇ ಗೊತ್ತಿಲ್ಲ,” ಎಂದಳು. “ಒಂದ್ಸಲ ತೀರಾ ಸಡಿಲ, ಒಂದ್ಸಲ ತೀರಾ ಬಿಗಿ.”

“ತಿದ್ದಿ ಕಳಿಸ್ಲಾ? ನೀನು ಹೇಳಿದ ಹಾಗೆ ಮಾಡ್ತೀನಿ.”

“ತಿದ್ದಿದ್ರೆ ಪೈಪ್ ಆಗಲ್ಲ.”

“ಆಗಲ್ಲ.”

“ಪೈಪ್ ಆಗ್ದೆ ನಾನು ಇಲ್ಲಿದ್ದು ಏನ್ ಮಾಡ್ಲಿ? ಮೇಲಿನ ಮನೆಯವರ ಸ್ನಾನದ ನೀರಲ್ಲಿ ಬೇರೆಯವರ ಬಟ್ಟೆ ಹೊಲೀಲಾ?” ಅವಳು ಮೂಗಿನ ತುದಿಯನ್ನು ತೋಳಿಗೆ ಒರೆಸಿಕೊಂಡಳು. “ಹೋಗಿ, ಒಪ್ಪಿಗೆ ತಗೊಳ್ಳಿ. ಪೈಪ್ ಆದ್ರೂ ನಾನು ಹೋಗ್ಬೇಕು, ಆಗ್ದಿದ್ರೂ ಹೋಗ್ಬೇಕು. ಮೇಲಿನವರ ಗೋಡೆಯಾದ್ರೂ ಉಳೀಲಿ.”

ಆರಕ್ಕೆ ಹತ್ತು ನಿಮಿಷವಿದ್ದಾಗ ಹದಿನೈದನೇ ಒಪ್ಪಿಗೆ ಬಂತು. ನೋಟಿಸ್ ಬೋರ್ಡಿನಲ್ಲಿ ಹಾಕಿದೆ: ‘ಕೊಳವೆ ಬದಲಾವಣೆಗೆ ಅಗತ್ಯ ಬಹುಮತ ದೊರೆತಿದೆ. ಸಹಕರಿಸಿದ ಎಲ್ಲರಿಗೂ ಧನ್ಯವಾದಗಳು.’ ಪಿನ್ನು ಚುಚ್ಚುವಾಗ ಕಾಗದ ಓರೆಯಾಯಿತು. ಹಾಗೆಯೇ ಬಿಟ್ಟೆ.

ಹೊಲಿಗೆಯಕ್ಕ ಬುಧವಾರ ಹೋದಳು. ಅವಳ ಅಣ್ಣನ ಮನೆಗೆ, ಊರಿನ ಇನ್ನೊಂದು ತುದಿಗೆ; ನಾಲ್ಕನೇ ಮಹಡಿ, ಬೀದಿಗೆ ಕಿಟಕಿಯಿಲ್ಲ. ನಮ್ಮ ಮನೆಗೆ ಬಂದಿರು ಎಂದು ಎರಡು ಸಲ ಕರೆದೆ. “ಬಂದ್ರೆ ಎಲ್ಲಿಗೆ ಹೋಗ್ಬೇಕು ಅನ್ನೋದು ಎಂಟು ದಿನ ಮುಂದೆ ಹೋಗತ್ತೆ ಅಷ್ಟೇ,” ಎಂದಳು. ಗಾಡಿಗೆ ಮಿಷನ್ ಏರಿಸುವಾಗ ಮೇಸ್ತ್ರಿಯೂ ಕೈ ಹಾಕಿದ. ಗಿರಾಕಿಗಳ ಬಟ್ಟೆಗಳಲ್ಲಿ ಏಳು ಉಳಿದಿದ್ದವು. ಹೆಸರಿನ ಚೀಟಿ ಅಂಟಿಸಿ ನನ್ನ ಕಚೇರಿಯಲ್ಲಿಟ್ಟಳು. ಮಗಳ ಸ್ಕರ್ಟಿನ ಅಂಚು ಬಿಚ್ಚಿ ಎರಡು ಬೆರಳು ಉದ್ದ ಮಾಡಿದ್ದಳು. ಕೈಹೊಲಿಗೆ. ಮಿಷನ್ ಇನ್ನೂ ಸರಿಯಾಗಿರಲಿಲ್ಲ.

ಕೆಲಸ ಎಂಟು ದಿನವೆಂದದ್ದು ಹತ್ತು ದಿನ ಹಿಡಿಯಿತು. ಹಳೆಯ ಕೊಳವೆಯನ್ನು ತುಂಡುತುಂಡಾಗಿ ಕೊಯ್ದು ಇಳಿಸಿದರು. ಬಿಳಿಯ ಪ್ಲಾಸ್ಟಿಕ್ ಕೊಳವೆ ನಿಂತಿತು.

“ಒಂದು ಮಾತು ಮೇಡಂ,” ಎಂದ ಮೇಸ್ತ್ರಿ, ಉಪಕರಣ ಚೀಲಕ್ಕೆ ತುಂಬುತ್ತ. “ಹಳೇ ಬೀಡಿನ ಪೈಪು ಸದ್ದು ನುಂಗ್ತಿತ್ತು. ಇದು ನುಂಗಲ್ಲ. ಮೇಲೆ ನೀರು ಬಿಟ್ರೆ ಕೆಳಗೆ ಕೇಳತ್ತೆ. ಆಮೇಲೆ ನನ್ನ ಬೈಬೇಡಿ.”

ನೋಡಿಕೊಂಡು ಬರೋಣವೆಂದು ಖಾಲಿ ಮನೆಯೊಳಗೆ ಹೋದೆ. ಚಾವಣಿಗೆ ಹೊಸ ಗಾರೆ, ಒಂದು ಹನಿಯಿಲ್ಲ. ಗೋಡೆಯಲ್ಲಿ ಹ್ಯಾಂಗರುಗಳಿದ್ದ ಮೊಳೆಗಳ ಸಾಲು ಹಾಗೇ ಇತ್ತು. ಮೇಲೆ ಯಾರೋ ನೀರು ಬಿಟ್ಟರು. ಐದು ಮಹಡಿಯಿಂದ ಅದು ಗೋಡೆಯೊಳಗೆ ಧಡಧಡನೆ ಇಳಿದು ಬಂದು, ನನ್ನ ಪಕ್ಕದಲ್ಲೇ ಹಾದು, ನೆಲದಡಿಗೆ ಹೋಯಿತು.

ಕಿಟಕಿಯ ಹೊರಗೆ ಹೆಂಗಸೊಬ್ಬಳು ಬಂದು ನಿಂತಳು. ಕೈಯಲ್ಲಿ ಮಡಚಿದ ಪ್ಯಾಂಟು.

“ಇಲ್ಲಿ ಹೊಲೀತಿದ್ರಲ್ಲ, ಎಲ್ಲಿಗೆ ಹೋದ್ರು?”

ವಿಳಾಸ ಬರೆದುಕೊಟ್ಟೆ. ಅವಳು ಓದಿ, “ಅಯ್ಯೋ, ಅಷ್ಟು ದೂರಾನಾ,” ಎಂದು ಚೀಟಿಯನ್ನು ಪ್ಯಾಂಟಿನ ಮಡಿಕೆಯೊಳಗೆ ಸಿಕ್ಕಿಸಿಕೊಂಡು ಹೋದಳು. ನಾನು ಕಿಟಕಿ ಮುಚ್ಚಿ ಚಿಲಕ ಹಾಕಿದೆ.